ಅಡ್ಡಗೆರೆಯ ಮೇಲೆ ತಲೆ, ಕೆಳಗೆ ಒಡಲು

ಮಳೆಗಾಲ ಶುರುವಾಯಿತೆಂದರೆ ಕನ್ನಡ ಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಮಟ್ಟದ ಪುಟ್ಟ ಕೋಷ್ಟಕ ಬರತೊಡಗುತ್ತದೆ. ಮೇಲಿನ ಸಾಲಿನಲ್ಲಿ ‘ಜಲಾಶಯ’, ‘ಗರಿಷ್ಠ ಮಟ್ಟ’, ‘ಇಂದಿನ ಮಟ್ಟ’ ಎಂದಿರುತ್ತದೆ. ಕೆಳಗೆ ಕೆಆರ್‌ಎಸ್, ಕಬಿನಿ, ತುಂಗಭದ್ರಾ, ಲಿಂಗನಮಕ್ಕಿ ಒಂದರ ಕೆಳಗೊಂದು ನಿಂತಿರುತ್ತವೆ. ಮೇಲಿನ ಸಾಲು ಅಣೆಕಟ್ಟಿನ ಹೆಸರಲ್ಲ, ಅದು ತಲೆಬರಹ ಎಂದು ಓದುಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ದಪ್ಪ ಅಕ್ಷರ, ಅದರ ಕೆಳಗಿನ ಒಂದು ಗೆರೆ, ಅಷ್ಟು ಸಾಕು.

ಅದೇ ಕೋಷ್ಟಕ ವೆಬ್ ಪುಟಕ್ಕೆ ಹೋದಾಗ ಅಷ್ಟು ಸಾಕಾಗುವುದಿಲ್ಲ. ಬ್ರೌಸರಿಗೆ ದಪ್ಪ ಅಕ್ಷರ ಬರಿಯ ದಪ್ಪ ಅಕ್ಷರ, ಅದಕ್ಕಿಂತ ಹೆಚ್ಚೇನೂ ಅಲ್ಲ. ಯಾವುದು ತಲೆಸಾಲು, ಯಾವುದು ಮಾಹಿತಿಯ ಸಾಲು ಎಂದು ಬಿಡಿಸಿ ಹೇಳಬೇಕು. ಇದಕ್ಕಾಗಿ ಎಚ್‌ಟಿಎಂಎಲ್‌ನಲ್ಲಿ ಎರಡು ಟ್ಯಾಗ್‌ಗಳಿವೆ: ತಲೆಗೆ `<thead>`, ಒಡಲಿಗೆ `<tbody>`. ಇವೇನೂ ಹೊಸವಲ್ಲ. ಡೇವ್ ರ್ಯಾಗೆಟ್ 1996ರ ಮೇ ತಿಂಗಳಲ್ಲಿ ಹೊರತಂದ ಕೋಷ್ಟಕಗಳ ಕರಡಿನಲ್ಲಿ ಇವು ಇದ್ದವು. 1997ರ ಡಿಸೆಂಬರ್‌ನಲ್ಲಿ ಬಂದ ಎಚ್‌ಟಿಎಂಎಲ್ 4.0 ಇವನ್ನು ಅಧಿಕೃತ ಮಾಡಿತು.

ಆದರೆ ಈ ಟ್ಯಾಗ್‌ಗಳನ್ನು ಕೈಯಾರೆ ಬರೆಯುವ ತಾಳ್ಮೆ ಇರುವವರು ಕಡಿಮೆ. ನಾಲ್ಕು ಜಲಾಶಯಗಳ ಕೋಷ್ಟಕಕ್ಕೆ ಮೂವತ್ತಕ್ಕೂ ಹೆಚ್ಚು ಸಾಲು ಬರೆಯಬೇಕಾಗುತ್ತದೆ. ಹೀಗಾಗಿ ಹೆಚ್ಚಿನವರು ಕೋಷ್ಟಕವನ್ನು ಮಾರ್ಕ್‌ಡೌನ್‌ನಲ್ಲಿ ಬರೆದು, ಎಚ್‌ಟಿಎಂಎಲ್ ಮಾಡುವ ಕೆಲಸವನ್ನು ಯಾವುದಾದರೂ ತಂತ್ರಾಂಶಕ್ಕೆ ಬಿಡುತ್ತಾರೆ. ಆ ರೂಪಾಂತರದಲ್ಲಿ ತಲೆ ಮತ್ತು ಒಡಲು ಹೇಗೆ ಬೇರೆಯಾಗುತ್ತವೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದು ಇಲ್ಲಿನ ವಿಷಯ.

ಎರಡನೆಯ ಸಾಲಿನ ಅಧಿಕಾರ

ಮಾರ್ಕ್‌ಡೌನ್ ಎಂದರೆ ಸಾದಾ ಬರಹಕ್ಕೆ ಕೆಲವು ಚಿಹ್ನೆಗಳನ್ನು ಸೇರಿಸಿ ಅದರ ರಚನೆಯನ್ನು ಸೂಚಿಸುವ ಪದ್ಧತಿ. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಪ್ರಕಟಿಸಿದಾಗ ಅದರಲ್ಲಿ ಕೋಷ್ಟಕವೇ ಇರಲಿಲ್ಲ. ಕೋಷ್ಟಕ ಬೇಕಾದವರು ನಡುವೆ ಎಚ್‌ಟಿಎಂಎಲ್ ಅನ್ನೇ ಬರೆಯಬೇಕಿತ್ತು. ಆಮೇಲೆ ಮಿಷೆಲ್ ಫೋರ್ಟಿನ್ ಅವರ ‘ಪಿಎಚ್‌ಪಿ ಮಾರ್ಕ್‌ಡೌನ್ ಎಕ್ಸ್‌ಟ್ರಾ’ದಂಥ ವಿಸ್ತರಣೆಗಳು ನಿಲುಗೆರೆಯ ಕೋಷ್ಟಕವನ್ನು ಬಳಕೆಗೆ ತಂದವು. ಗಿಟ್‌ಹಬ್ ಸಂಸ್ಥೆ 2017ರಲ್ಲಿ ತನ್ನ ಮಾರ್ಕ್‌ಡೌನಿನ ನಿಯಮಗಳನ್ನು ಬರೆದು ಪ್ರಕಟಿಸಿತು. ಕೋಷ್ಟಕದ ಮಟ್ಟಿಗೆ ಇವತ್ತು ಹೆಚ್ಚು ಜನ ಅನುಸರಿಸುವುದು ಆ ನಿಯಮಗಳನ್ನೇ. ಆದರೂ ಇದು ಮೂಲ ಭಾಷೆಯ ಭಾಗವಲ್ಲ, ಮೇಲೆ ಅಂಟಿಸಿದ್ದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ಅರ್ಧ ತೊಂದರೆಗಳು ಅಲ್ಲಿಂದಲೇ ಹುಟ್ಟುತ್ತವೆ.

ನಮ್ಮ ಜಲಾಶಯಗಳನ್ನು ಮಾರ್ಕ್‌ಡೌನ್‌ನಲ್ಲಿ ಹೀಗೆ ಬರೆಯಬಹುದು:

```
| ಜಲಾಶಯ | ನದಿ | ಗರಿಷ್ಠ ಮಟ್ಟ (ಅಡಿ) |
|---|---|---:|
| ಕೆಆರ್‌ಎಸ್ | ಕಾವೇರಿ | 124.80 |
| ಕಬಿನಿ | ಕಬಿನಿ | 2284.00 |
| ತುಂಗಭದ್ರಾ | ತುಂಗಭದ್ರಾ | 1633.00 |
| ಲಿಂಗನಮಕ್ಕಿ | ಶರಾವತಿ | 1819.00 |
```

ನಿಲುಗೆರೆಗಳು ಸೆಲ್‌ಗಳನ್ನು ಬೇರ್ಪಡಿಸುತ್ತವೆ, ಅದು ನೋಡಿದರೇ ತಿಳಿಯುತ್ತದೆ. ಗಮನಿಸಬೇಕಾದದ್ದು ಎರಡನೆಯ ಸಾಲು. ಅದರಲ್ಲಿ ಒಂದು ಅಕ್ಷರವೂ ಇಲ್ಲ, ಬರೀ ಅಡ್ಡಗೆರೆಗಳು, ಒಂದು ಕಡೆ ಎರಡು ಚುಕ್ಕಿಯ ಚಿಹ್ನೆ. ಪುಟ ತೆರೆದಾಗ ಈ ಸಾಲು ಎಲ್ಲೂ ಕಾಣುವುದಿಲ್ಲ. ಆದರೆ ಕೋಷ್ಟಕದ ಹಣೆಬರಹ ನಿರ್ಧಾರವಾಗುವುದು ಇಲ್ಲಿಯೇ. ಇದು ಮೂರು ಸಂಗತಿಗಳನ್ನು ಹೇಳುತ್ತದೆ. ಮೊದಲನೆಯದು, ‘ಇದು ಕೋಷ್ಟಕ’. ಈ ಸಾಲು ಇಲ್ಲದಿದ್ದರೆ ನಿಲುಗೆರೆ ತುಂಬಿದ ಉಳಿದ ಸಾಲುಗಳೆಲ್ಲ ಮಾಮೂಲಿ ಪ್ಯಾರಾ ಆಗಿಬಿಡುತ್ತವೆ. ಎರಡನೆಯದು, ‘ನನ್ನ ಮೇಲಿನ ಒಂದು ಸಾಲು ತಲೆ, ಕೆಳಗಿನದೆಲ್ಲ ಒಡಲು’. ಮೂರನೆಯದು ಪ್ರತಿ ಕಾಲಂ ಎಡಕ್ಕೋ ಬಲಕ್ಕೋ ನಡುವಿಗೋ ಎಂಬುದು. ಅಡ್ಡಗೆರೆಯ ಬಲ ತುದಿಯಲ್ಲಿ ಎರಡು ಚುಕ್ಕಿ ಇದ್ದರೆ ಬಲಕ್ಕೆ, ಎಡ ತುದಿಯಲ್ಲಿದ್ದರೆ ಎಡಕ್ಕೆ, ಎರಡೂ ಕಡೆ ಇದ್ದರೆ ನಡುವಿಗೆ.

ಅಂಕಿಗಳ ಕಾಲಂ ಬಲಕ್ಕೆ ಸರಿದರೆ ಓದಲು ಸುಲಭ. ಆದರೆ ಅದಕ್ಕೆ ದಶಾಂಶದ ಸ್ಥಾನಗಳೂ ಒಂದೇ ಆಗಿರಬೇಕು. 124.80ರ ಕೆಳಗೆ ಬರೀ 2284 ಎಂದು ಬರೆದರೆ ಎರಡರ ಬಲ ತುದಿ ಒಂದೇ ಕಡೆ ಬಂದು, ಬಿಡಿ ಸ್ಥಾನದ 4 ಶತಾಂಶ ಸ್ಥಾನದ ಸೊನ್ನೆಯ ಕೆಳಗೆ ನಿಲ್ಲುತ್ತದೆ. 2284.00 ಎಂದು ಬರೆದದ್ದು ಈ ಕಾರಣಕ್ಕೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಸಮಾಧಾನದ ಮಾತು. ಇಂಗ್ಲಿಷ್ ಬರೆಯುವವರು ಎಲ್ಲ ನಿಲುಗೆರೆಗಳೂ ಒಂದರ ಕೆಳಗೊಂದು ಬರುವಂತೆ ಖಾಲಿ ಜಾಗ ತುಂಬಿ ಕೋಷ್ಟಕವನ್ನು ಅಂದವಾಗಿ ಜೋಡಿಸುತ್ತಾರೆ. ನಮ್ಮ ಒತ್ತಕ್ಷರ, ದೀರ್ಘಗಳ ಅಗಲ ಒಂದೇ ಇಲ್ಲದ ಕಾರಣ ಕನ್ನಡದಲ್ಲಿ ಅದು ಎಷ್ಟು ಮಾಡಿದರೂ ಸೊಟ್ಟಗೇ ಬರುತ್ತದೆ. ಚಿಂತೆ ಬೇಡ. ರೂಪಾಂತರಿಸುವ ತಂತ್ರಾಂಶ ನಿಲುಗೆರೆಗಳನ್ನು ಎಣಿಸುತ್ತದೆಯೇ ಹೊರತು ಅವು ನೇರವಾಗಿ ನಿಂತಿವೆಯೇ ಎಂದು ನೋಡುವುದಿಲ್ಲ.

ಕೈಯಾರೆ ಒಮ್ಮೆ

ತಂತ್ರಾಂಶ ಮಾಡುವ ಕೆಲಸವನ್ನು ಒಂದು ಸಲ ನಾವೇ ಮಾಡಿ ನೋಡೋಣ. ಮೊದಲು ಎರಡನೆಯ ಸಾಲನ್ನು ಓದಬೇಕು. ಅದರಲ್ಲಿ ಮೂರು ಭಾಗಗಳಿವೆ, ಹಾಗಾದರೆ ಕಾಲಂಗಳು ಮೂರು, ಮೂರನೆಯದು ಬಲಕ್ಕೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಆ ಸಾಲನ್ನು ಬಿಟ್ಟುಬಿಡಬೇಕು, ಅದರ ಕೆಲಸ ಮುಗಿಯಿತು. ಈಗ ಮೊದಲ ಸಾಲಿಗೆ ಬಂದು, ಎರಡು ತುದಿಯ ನಿಲುಗೆರೆ ತೆಗೆದು, ಉಳಿದ ನಿಲುಗೆರೆಗಳಲ್ಲಿ ಕತ್ತರಿಸಿ, ಪ್ರತಿ ತುಂಡಿನ ಅಕ್ಕಪಕ್ಕದ ಖಾಲಿ ಜಾಗ ಒರೆಸಬೇಕು. ಸಿಕ್ಕ ಮೂರು ತುಂಡುಗಳನ್ನು ತಲೆಯ ಸೆಲ್ ಎಂದು ಸೂಚಿಸುವ `<th>` ಒಳಗಿಟ್ಟು, ಮೂರನ್ನೂ ಸಾಲನ್ನು ಸೂಚಿಸುವ `<tr>` ಒಳಗೆ, ಆ ಸಾಲನ್ನು `<thead>` ಒಳಗೆ ಇಡಬೇಕು. ಉಳಿದ ನಾಲ್ಕು ಸಾಲುಗಳಿಗೂ ಇದೇ ಕತ್ತರಿ ಪ್ರಯೋಗ. ಆದರೆ ಅಲ್ಲಿ ಸೆಲ್‌ಗೆ `<td>`, ಹೊರಗಿನ ಹೊದಿಕೆಗೆ `<tbody>`. ಮೊದಲ ಜಲಾಶಯದವರೆಗೆ ಬರೆದರೆ ಹೀಗಿರುತ್ತದೆ:

```
<table>
  <thead>
    <tr>
      <th>ಜಲಾಶಯ</th>
      <th>ನದಿ</th>
      <th style="text-align: right;">ಗರಿಷ್ಠ ಮಟ್ಟ (ಅಡಿ)</th>
    </tr>
  </thead>
  <tbody>
    <tr>
      <td>ಕೆಆರ್‌ಎಸ್</td>
      <td>ಕಾವೇರಿ</td>
      <td style="text-align: right;">124.80</td>
    </tr>
  </tbody>
</table>
```

ಇನ್ನು ಮೂರು ಜಲಾಶಯಗಳ ಸಾಲುಗಳು `</tbody>` ಎಂಬ ಮುಚ್ಚುವ ಟ್ಯಾಗಿನ ಮೇಲೆ ಇದೇ ಬಗೆಯಲ್ಲಿ ಸೇರುತ್ತವೆ. ಬಲಕ್ಕೆ ಸರಿಸುವ ಸೂಚನೆ ತಲೆಯಲ್ಲೂ ಒಡಲಿನ ಪ್ರತಿ ಸಾಲಿನಲ್ಲೂ ಮತ್ತೆ ಮತ್ತೆ ಬಂದಿರುವುದು ನೋಡಿ. ಮಾರ್ಕ್‌ಡೌನ್‌ನಲ್ಲಿ ಎರಡು ಚುಕ್ಕಿ ಒಮ್ಮೆ ಇಟ್ಟರೆ ಸಾಕಿತ್ತು. ಕೆಲವು ತಂತ್ರಾಂಶಗಳು ಇದೇ ಸೂಚನೆಯನ್ನು `align="right"` ಎಂದು ಬರೆಯುತ್ತವೆ. ಬ್ರೌಸರ್‌ಗಳು ಅದನ್ನೂ ಪಾಲಿಸುತ್ತವೆ, ಆದರೆ ಇಂದಿನ ಎಚ್‌ಟಿಎಂಎಲ್ ಅದನ್ನು ಬಳಕೆ ಮುಗಿದದ್ದು ಎಂದು ಪಟ್ಟಿಮಾಡಿದೆ. ಪರೀಕ್ಷಿಸುವ ಸಾಧನಗಳು ತಪ್ಪು ತೋರಿಸಿದರೆ ಗಾಬರಿಯಾಗಬೇಕಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಪುಟ ತೆರೆದರೆ, `<thead>` ಇಲ್ಲದ ಕೋಷ್ಟಕಕ್ಕೂ ಇದಕ್ಕೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ! ತಲೆಬರಹ ದಪ್ಪವಾಗುವುದು `<th>`ನಿಂದ, `<thead>`ನಿಂದಲ್ಲ. ಹಾಗಿದ್ದರೆ ಈ ಹೊದಿಕೆ ಯಾಕೆ? ಉತ್ತರ ಗೊತ್ತಾಗುವುದು ಕೋಷ್ಟಕ ಉದ್ದವಾದಾಗ. ನಾಲ್ಕು ಜಲಾಶಯಗಳ ಬದಲು ನೂರಾರು ಕೆರೆಗಳ ಪಟ್ಟಿಯನ್ನು ಮುದ್ರಿಸಿದಿರಿ ಎನ್ನಿ. `<thead>` ಇದ್ದರೆ ಈಗಿನ ಕ್ರೋಮ್, ಫೈರ್‌ಫಾಕ್ಸ್‌ಗಳು ಪ್ರತಿ ಹಾಳೆಯ ಮೇಲೂ ತಲೆಸಾಲನ್ನು ತಾವಾಗಿಯೇ ಮತ್ತೆ ಮುದ್ರಿಸುತ್ತವೆ. ಇಲ್ಲದಿದ್ದರೆ ಎರಡನೆಯ ಹಾಳೆಯಿಂದ ಬರೀ ಅಂಕಿಗಳು, ಯಾವ ಕಾಲಂ ಯಾವುದು ಎಂದು ಮೊದಲ ಹಾಳೆ ತಿರುವಿ ನೋಡಬೇಕು. ಕಾಲಂ ಮೇಲೆ ಒತ್ತಿದರೆ ಸಾಲುಗಳು ಏರಿಕೆ ಕ್ರಮಕ್ಕೆ ಬರುವಂತೆ ಮಾಡುವ ತಂತ್ರಾಂಶಗಳು ಸಾಮಾನ್ಯವಾಗಿ `<tbody>` ಒಳಗಿನ ಸಾಲುಗಳನ್ನಷ್ಟೇ ಅದಲುಬದಲು ಮಾಡುತ್ತವೆ. ತಲೆಸಾಲೂ ಅದರೊಳಗೆ ಸೇರಿಕೊಂಡಿದ್ದರೆ ‘ಜಲಾಶಯ’ ಎಂಬ ಪದ ಕೆಆರ್‌ಎಸ್‌ಗೂ ತುಂಗಭದ್ರೆಗೂ ನಡುವೆ ಹೋಗಿ ಕುಳಿತೀತು.

ಇಲ್ಲೊಂದು ಬಲೆ ಇದೆ. `<table>` ಒಳಗೆ ನೇರವಾಗಿ `<tr>` ಬರೆದರೆ ಬ್ರೌಸರ್ ತಾನೇ ಒಂದು `<tbody>` ಹುಟ್ಟುಹಾಕಿ ಎಲ್ಲ ಸಾಲುಗಳನ್ನೂ ಅದರೊಳಗೆ ತುಂಬುತ್ತದೆ. `<thead>` ಅನ್ನು ಮಾತ್ರ ಅದು ಎಂದಿಗೂ ತಾನಾಗಿ ಸೃಷ್ಟಿಸುವುದಿಲ್ಲ. ಹೀಗಾಗಿ ಪುಟದ ಮೇಲೆ ಬಲ ಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಮಾಡಿದರೆ, ನೀವು ಬರೆದಿರದ `<tbody>` ಅಲ್ಲಿ ಕಾಣುತ್ತದೆ. ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ನಿಜವಾಗಿ ತಂತ್ರಾಂಶ ಏನು ಕೊಟ್ಟಿತು ಎಂದು ತಿಳಿಯಬೇಕಾದರೆ ಕಂಟ್ರೋಲ್ ಜೊತೆ ಯು ಒತ್ತಿ ಪುಟದ ಮೂಲವನ್ನು ನೋಡಬೇಕು.

ಐದನೆಯ ಜಲಾಶಯ ಎಲ್ಲಿಂದ ಬಂತು?

ನಮ್ಮ ಕೋಷ್ಟಕದಲ್ಲಿ ಓದುಗರು ಕೇಳಬಹುದಾದ ಒಂದು ಪ್ರಶ್ನೆ ಅಡಗಿದೆ. ಕೆಆರ್‌ಎಸ್ 124.80 ಅಡಿ, ಕಬಿನಿ 2284 ಅಡಿ ಎಂದರೆ ಕಬಿನಿ ಅಣೆಕಟ್ಟು ಅಷ್ಟು ಎತ್ತರವೇ? ಅಲ್ಲ. ಕೆಆರ್‌ಎಸ್‌ನ ಮಟ್ಟವನ್ನು ಅಣೆಕಟ್ಟಿನ ತಳದಿಂದ ಲೆಕ್ಕ ಹಾಕುವ ರೂಢಿ; ಉಳಿದ ಮೂರರದು ಸಮುದ್ರಮಟ್ಟದಿಂದ. ಇದನ್ನು ಕೋಷ್ಟಕದ ಕೆಳಗೆ ಟಿಪ್ಪಣಿಯಾಗಿ ಹಾಕುವುದು ಒಳ್ಳೆಯದು. ಹಾಕಿದೆವು ಎನ್ನಿ:

```
| ಲಿಂಗನಮಕ್ಕಿ | ಶರಾವತಿ | 1819.00 |
ಕೆಆರ್‌ಎಸ್ ಮಟ್ಟ ಅಣೆಕಟ್ಟಿನ ತಳದಿಂದ.
```

ಗಿಟ್‌ಹಬ್ ನಿಯಮದ ಪ್ರಕಾರ ಇದು ಟಿಪ್ಪಣಿ ಅಲ್ಲ, ಐದನೆಯ ಜಲಾಶಯ. ಕೋಷ್ಟಕ ಮುಗಿಯುವುದು ಒಂದು ಖಾಲಿ ಸಾಲು ಬಂದಾಗ, ಇಲ್ಲವೇ ಪಟ್ಟಿ, ಉದ್ಧರಣೆಯಂಥ ಬೇರೊಂದು ರಚನೆ ಶುರುವಾದಾಗ. ಅಲ್ಲಿಯವರೆಗೆ ಬಂದದ್ದೆಲ್ಲ, ನಿಲುಗೆರೆ ಇಲ್ಲದಿದ್ದರೂ, ಕೋಷ್ಟಕದ ಸಾಲೇ. ಟಿಪ್ಪಣಿಯ ವಾಕ್ಯ ಇಡಿಯಾಗಿ ‘ಜಲಾಶಯ’ ಕಾಲಂಗೆ ಹೋಗುತ್ತದೆ, ನದಿಯ ಮತ್ತು ಮಟ್ಟದ ಸೆಲ್‌ಗಳು ಖಾಲಿ ಬೀಳುತ್ತವೆ. ಪರಿಹಾರ ಸುಲಭ: ಕೋಷ್ಟಕದ ಹಿಂದೆ ಒಂದು, ಮುಂದೆ ಒಂದು ಖಾಲಿ ಸಾಲು ಬಿಡಿ. ಹಿಂದೆಯೂ ಬಿಡಬೇಕಾದದ್ದು ಯಾಕೆಂದರೆ, ಮೇಲಿನ ವಾಕ್ಯಕ್ಕೆ ಅಂಟಿಕೊಂಡ ಕೋಷ್ಟಕವನ್ನು ಕೆಲವು ತಂತ್ರಾಂಶಗಳು ಗುರುತಿಸುತ್ತವೆ, ಪೈಥಾನ್‌ನ ಮಾರ್ಕ್‌ಡೌನ್ ಗ್ರಂಥಾಲಯದಂಥವು ಗುರುತಿಸುವುದಿಲ್ಲ.

ಇನ್ನೊಂದು ತೊಂದರೆ ತಲೆಸಾಲಿನದು. ತಲೆಯಲ್ಲಿ ಎಷ್ಟು ಸೆಲ್ ಇವೆಯೋ ಅಡ್ಡಗೆರೆಯ ಸಾಲಿನಲ್ಲೂ ಅಷ್ಟೇ ಭಾಗ ಇರಬೇಕು. ‘ಇಂದಿನ ಮಟ್ಟ’ ಎಂಬ ನಾಲ್ಕನೆಯ ಕಾಲಂ ಸೇರಿಸಿ, ಕೆಳಗೆ ಇನ್ನೊಂದು `---|` ಹಾಕಲು ಮರೆತರೆ ಇಡೀ ಕೋಷ್ಟಕ ಮಾಯವಾಗಿ ನಿಲುಗೆರೆ ತುಂಬಿದ ಪ್ಯಾರಾ ಬರುತ್ತದೆ. ಇದು ಒರಟು ತಪ್ಪು, ಆದರೆ ಒಳ್ಳೆಯ ತಪ್ಪು: ನೋಡಿದ ಕೂಡಲೇ ಗೊತ್ತಾಗುತ್ತದೆ.

ಗೊತ್ತಾಗದ ತಪ್ಪು ಒಡಲಿನ ಸಾಲುಗಳಲ್ಲಿ ಆಗುವಂಥದ್ದು. ಅಲ್ಲಿ ಸೆಲ್‌ಗಳ ಲೆಕ್ಕ ತಪ್ಪಿದರೆ ಯಾವ ಗದ್ದಲವೂ ಇಲ್ಲ. ಕಡಿಮೆ ಬಿದ್ದರೆ ಖಾಲಿ ಸೆಲ್ ತುಂಬಿಕೊಳ್ಳುತ್ತದೆ, ಹೆಚ್ಚಾದರೆ ಹೆಚ್ಚಾದದ್ದನ್ನು ಸದ್ದಿಲ್ಲದೆ ಕೈಬಿಡುತ್ತದೆ. ಕೆಆರ್‌ಎಸ್‌ಗೆ ಕನ್ನಂಬಾಡಿ ಎಂಬ ಹೆಸರೂ ಇದೆಯಲ್ಲ, ಎರಡನ್ನೂ ಬರೆಯೋಣ ಎಂದು ಒಬ್ಬರು ನಡುವೆ ನಿಲುಗೆರೆ ಹಾಕಿದರು ಎನ್ನಿ:

```
| ಕೆಆರ್‌ಎಸ್ | ಕನ್ನಂಬಾಡಿ | ಕಾವೇರಿ | 124.80 |
```

ಈಗ ಈ ಸಾಲಿನಲ್ಲಿ ನಾಲ್ಕು ಸೆಲ್. ಪುಟದಲ್ಲಿ ಕೆಆರ್‌ಎಸ್‌ನ ನದಿ ಕನ್ನಂಬಾಡಿ ಆಗುತ್ತದೆ, ಗರಿಷ್ಠ ಮಟ್ಟ ಕಾವೇರಿ ಆಗುತ್ತದೆ, 124.80 ಎಂಬ ಅಂಕಿ ಎಲ್ಲೂ ಇಲ್ಲ. ಉಳಿದ ಮೂರು ಸಾಲುಗಳು ಸರಿಯಾಗಿವೆ, ಕೋಷ್ಟಕದ ಆಕಾರವೂ ಸರಿಯಾಗಿದೆ. ಅವಸರದಲ್ಲಿ ನೋಡಿದವರಿಗೆ ಇದು ತಪ್ಪಿಹೋಗುವುದು ಖಂಡಿತ.

ಸೆಲ್ ಒಳಗೆ ನಿಲುಗೆರೆಯೇ ಬೇಕಾದರೆ ಅದರ ಹಿಂದೆ ಓರೆಗೆರೆ ಸೇರಿಸಿ `\|` ಎಂದು ಬರೆಯಬೇಕು. ಇದು ನಮಗೆ ಇಂಗ್ಲಿಷಿನವರಿಗಿಂತ ಹೆಚ್ಚು ಮುಖ್ಯ. ಷಟ್ಪದಿಯನ್ನೋ ಶ್ಲೋಕವನ್ನೋ ಕಂಪ್ಯೂಟರಿನಲ್ಲಿ ಬರೆಯುವಾಗ ಪಾದ ಮುಗಿದ ಕಡೆ ದಂಡ ಹಾಕುತ್ತೇವೆ. ಯೂನಿಕೋಡ್‌ನಲ್ಲಿ ದಂಡಕ್ಕೆ ತನ್ನದೇ ಸಂಕೇತವಿದೆ: `।`. ಆದರೆ ಅದು ಕೀಲಿಮಣೆಯಲ್ಲಿ ಸುಲಭಕ್ಕೆ ಕೈಗೆ ಸಿಗದ ಕಾರಣ ಬಹಳ ಜನ ನಿಲುಗೆರೆಯ `|` ಒತ್ತಿಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಕೋಷ್ಟಕದಲ್ಲಿ ಮಾತ್ರ ಮೊದಲನೆಯದು ಅಕ್ಷರ, ಎರಡನೆಯದು ಗೋಡೆ. ಪದ್ಯಗಳನ್ನು ಕೋಷ್ಟಕಕ್ಕೆ ಹಾಕುವವರು ನಿಜವಾದ ದಂಡವನ್ನೇ ಬಳಸಿದರೆ ಓರೆಗೆರೆಯ ಗೋಜೇ ಇರುವುದಿಲ್ಲ. ಈ ಓರೆಗೆರೆ ಕೋಡ್ ಎಂದು ಗುರುತು ಮಾಡಿದ ಬರಹದೊಳಗೂ ಬೇಕು. ಕೋಡ್ ಗುರುತು ಉಳಿದೆಲ್ಲ ಕಡೆ ಚಿಹ್ನೆಗಳನ್ನು ಕಾಪಾಡಿದರೂ ಇಲ್ಲಿ ನಿಲುಗೆರೆಯನ್ನು ಕಾಪಾಡುವುದಿಲ್ಲ.

ತಂತ್ರಾಂಶಕ್ಕೆ ಬಿಟ್ಟಾಗ

ಈ ಕೆಲಸಕ್ಕೆ ಹೆಚ್ಚು ನೆಚ್ಚಬಹುದಾದದ್ದು ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶ. ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫರ್ಲೇನ್ ಇದನ್ನು ಬರೆದವರು. ಕೋಷ್ಟಕ `jalashaya.md` ಎಂಬ ಕಡತದಲ್ಲಿದ್ದರೆ ಆದೇಶ ಇಷ್ಟೇ:

```
pandoc -f gfm -t html jalashaya.md -o jalashaya.html
```

ಇಲ್ಲಿ `gfm` ಎಂದರೆ ಗಿಟ್‌ಹಬ್ ಬಗೆಯ ಮಾರ್ಕ್‌ಡೌನ್. ಹೊರಬರುವ ಕಡತದಲ್ಲಿ ತಲೆ ಮತ್ತು ಒಡಲು ಬೇರೆಬೇರೆಯಾಗಿಯೇ ಇರುತ್ತವೆ. ಪ್ಯಾಂಡಾಕ್‌ನ ಕೆಲವು ಆವೃತ್ತಿಗಳು ಸಾಲುಗಳಿಗೆ `odd`, `even` ಎಂಬ ಗುರುತು ಹಚ್ಚುತ್ತವೆ. ಒಂದು ಸಾಲು ಬಿಟ್ಟು ಒಂದಕ್ಕೆ ಬಣ್ಣ ಕೊಡಲು ಅದು ಅನುಕೂಲ, ಬೇಡವಾದರೆ ಹಾಗೇ ಬಿಡಬಹುದು.

ಪೈಥಾನ್ ಬಳಸುವವರು ಸಾಮಾನ್ಯವಾಗಿ ಎಡವುವುದು ಬೇರೆ ಕಡೆ. ಅಲ್ಲಿನ ಮಾರ್ಕ್‌ಡೌನ್ ಗ್ರಂಥಾಲಯ ಗ್ರೂಬರ್ ಅವರ ಮೂಲ ಭಾಷೆಗೆ ನಿಷ್ಠ, ಆದ್ದರಿಂದ ಕೋಷ್ಟಕ ಅದಕ್ಕೆ ಹುಟ್ಟಿನಿಂದ ಬರುವುದಿಲ್ಲ. ಕೇಳಿ ಪಡೆಯಬೇಕು:

```
import markdown
html = markdown.markdown(text, extensions=["tables"])
```

`extensions` ಎಂಬ ಭಾಗವನ್ನು ಬಿಟ್ಟರೆ ತಪ್ಪಿನ ಸಂದೇಶವೂ ಬರುವುದಿಲ್ಲ. ನಿಲುಗೆರೆಗಳೆಲ್ಲ ಹಾಗೇ ಉಳಿದ ಒಂದು ಪ್ಯಾರಾ ಬರುತ್ತದೆ. ನಮ್ಮ ಕೋಷ್ಟಕದಲ್ಲೇ ಏನೋ ತಪ್ಪಿದೆ ಎಂದು ಅಡ್ಡಗೆರೆಗಳನ್ನು ತಿದ್ದುತ್ತಾ ಕೂರುವ ಮೊದಲು ಇದನ್ನು ನೋಡಿಕೊಳ್ಳಬೇಕು.

‘ನಿಲುಗೆರೆಯಲ್ಲಿ ಕತ್ತರಿಸಿದರಾಯಿತಲ್ಲ, ನಾನೇ ಬರೆದುಕೊಳ್ಳುತ್ತೇನೆ’ ಎನ್ನುವವರೂ ಇದ್ದಾರೆ. ಕಲಿಯುವುದಕ್ಕೆ ಒಳ್ಳೆಯ ಅಭ್ಯಾಸ. ಆದರೆ ಎರಡು ಕಡೆ ಎಚ್ಚರ ಬೇಕು. ಒಂದು, ಸಾಲಿನ ತುದಿಯ ನಿಲುಗೆರೆ ತೆಗೆಯುವಾಗ ಒಂದೊಂದನ್ನೇ ತೆಗೆಯಬೇಕು. ತುದಿಯಲ್ಲಿರುವ ಎಲ್ಲವನ್ನೂ ಒಟ್ಟಿಗೆ ಉಜ್ಜಿಹಾಕಿದರೆ, `|| ಕಾವೇರಿ | 124.80 |` ಎಂದು ಮೊದಲ ಸೆಲ್ ಖಾಲಿ ಬಿಟ್ಟ ಸಾಲಿನಲ್ಲಿ ಎಲ್ಲವೂ ಒಂದು ಮನೆ ಎಡಕ್ಕೆ ಸರಿಯುತ್ತದೆ. ಎರಡು, ಸೆಲ್ ಒಳಗೆ `<` ಅಥವಾ `&` ಬಂದರೆ ಬ್ರೌಸರ್ ಅವನ್ನು ತನಗೆ ಕೊಟ್ಟ ಸೂಚನೆ ಎಂದು ತಿಳಿದುಕೊಳ್ಳಬಹುದು. ಅವನ್ನು `&lt;` ಮತ್ತು `&amp;` ಎಂದು ಬದಲಿಸಬೇಕು. `&` ಅನ್ನೇ ಮೊದಲು ಬದಲಿಸಬೇಕು. ಕ್ರಮ ತಿರುಗುಮುರುಗಾದರೆ `&lt;`ನಲ್ಲಿರುವ `&` ಕೂಡ ಬದಲಾಗಿ, ಪುಟದಲ್ಲಿ ಚಿಹ್ನೆಯ ಬದಲು `&lt;` ಎಂಬ ಅಕ್ಷರಗಳೇ ಕಾಣುತ್ತವೆ. ಬೇರೆಯವರು ಬರೆದ ಕೋಷ್ಟಕಗಳನ್ನು ರೂಪಾಂತರಿಸುವ ಕೆಲಸವಿದ್ದರೆ ಸ್ವಂತ ಕತ್ತರಿಗಿಂತ ಪ್ಯಾಂಡಾಕ್ ವಾಸಿ ಎಂಬುದು ನನ್ನ ಅಭಿಪ್ರಾಯ.

ಮಾರ್ಕ್‌ಡೌನ್ ಹೇಳಲಾರದ್ದು

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಅದು ತಿಳಿಯಬೇಕಾದರೆ ಕಣ್ಣು ಕಾಣದವರು ಈ ಕೋಷ್ಟಕವನ್ನು ಹೇಗೆ ಓದುತ್ತಾರೆ ಎಂದು ಗಮನಿಸಬೇಕು. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶದಲ್ಲಿ ಕಂಟ್ರೋಲ್, ಆಲ್ಟ್ ಜೊತೆಗೆ ಬಾಣದ ಕೀಲಿ ಒತ್ತಿದರೆ ಕೋಷ್ಟಕದೊಳಗೆ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗಬಹುದು. ಬಲಕ್ಕೆ ಹೋದಾಗ ಅದು ಹೊಸ ಕಾಲಂನ ತಲೆಬರಹ ಹೇಳಿ ಆಮೇಲೆ ಅಂಕಿ ಹೇಳುತ್ತದೆ: ‘ಗರಿಷ್ಠ ಮಟ್ಟ (ಅಡಿ), 124.80’. ಚೆನ್ನಾಯಿತು. ಈಗ ಅದೇ ಕಾಲಂನಲ್ಲಿ ಕೆಳಕ್ಕೆ ಇಳಿದರೆ? ಕಾಲಂ ಬದಲಾಗಲಿಲ್ಲ, ಹಾಗಾಗಿ ಅದರ ತಲೆಬರಹ ಮತ್ತೆ ಹೇಳುವುದಿಲ್ಲ. ಬದಲಾದದ್ದು ಸಾಲು, ಸಾಲಿಗೆ ತಲೆಬರಹವೇ ಇಲ್ಲ. ಕೇಳುವವರಿಗೆ ಸಿಗುವುದು 2284.00, 1633.00, 1819.00 ಎಂಬ ಅಂಕಿಗಳು. ಯಾವುದು ಯಾವ ಜಲಾಶಯದ್ದು ಎಂದು ತಿಳಿಯಲು ಪ್ರತಿ ಸಲ ಎಡಕ್ಕೆ ಹೋಗಿ ಬರಬೇಕು.

ಇದಕ್ಕೆ ಬೇಕಾದದ್ದು ಮೊದಲ ಕಾಲಂನ ಜಲಾಶಯದ ಹೆಸರುಗಳನ್ನೂ ತಲೆಬರಹ ಎಂದು ಸಾರುವುದು. ಎಚ್‌ಟಿಎಂಎಲ್‌ನಲ್ಲಿ ಅದಕ್ಕೆ ದಾರಿ ಇದೆ, ಮಾರ್ಕ್‌ಡೌನ್‌ನಲ್ಲಿ ಇಲ್ಲ. ಮಾರ್ಕ್‌ಡೌನ್‌ಗೆ ಗೊತ್ತಿರುವ ತಲೆ ಒಂದೇ, ಅದು ಮೇಲಿನ ಸಾಲು. ಹೀಗಾಗಿ ಹೊರಬಂದ ಎಚ್‌ಟಿಎಂಎಲ್ ಅನ್ನು ಕೈಯಲ್ಲಿ ಸ್ವಲ್ಪ ತಿದ್ದಬೇಕು:

```
<tr>
  <th scope="row">ಲಿಂಗನಮಕ್ಕಿ</th>
  <td>ಶರಾವತಿ</td>
  <td style="text-align: right;">1819.00</td>
</tr>
```

`scope="row"` ಎಂದರೆ ಈ ಹೆಸರು ತನ್ನ ಬಲಕ್ಕಿರುವ ಇಡೀ ಸಾಲಿಗೆ ತಲೆಬರಹ. ಈ ಸಾಲು ಇನ್ನೂ `<tbody>` ಒಳಗೇ ಇದೆ, ಇರಬೇಕಾದದ್ದೂ ಅಲ್ಲಿಯೇ. ಒಡಲಿನಲ್ಲಿ `<th>` ಬರಬಾರದೆಂಬ ನಿಯಮವೇನೂ ಇಲ್ಲ. ಮೇಲಿನ ತಲೆಸಾಲಿನ ಮೂರಕ್ಕೂ `scope="col"` ಸೇರಿಸಿದರೆ ಇನ್ನೂ ಸ್ಪಷ್ಟ. ಈಗ ಕೆಳಕ್ಕೆ ಇಳಿದರೆ ಪರದೆ ಓದುಗ ‘ಲಿಂಗನಮಕ್ಕಿ, 1819.00’ ಎನ್ನುತ್ತದೆ. ತಿದ್ದಿದ ಹೆಸರುಗಳು ಪುಟದಲ್ಲಿ ದಪ್ಪಗಾಗಿ ನಡುವಿಗೆ ಸರಿಯುತ್ತವೆ, `<th>`ನ ಹುಟ್ಟುಗುಣ ಅದು; ಬೇಡವಾದರೆ ಶೈಲಿಯ ಸೂಚನೆಯಲ್ಲಿ ಎಡಕ್ಕೆ ಎಂದು ಬರೆಯಬೇಕು.

ಕೋಷ್ಟಕಕ್ಕೆ ಶೀರ್ಷಿಕೆ ಕೊಡುವ `<caption>`, ಎರಡು ಕಾಲಂಗಳನ್ನು ಒಂದೇ ತಲೆಬರಹದಡಿ ತರುವ `colspan`, ಎರಡು ಸಾಲಿನ ತಲೆ, ಒಟ್ಟು ಮೊತ್ತದ ಸಾಲಿಗೆ ಇರುವ `<tfoot>` ಇವೂ ಗಿಟ್‌ಹಬ್ ಬಗೆಯ ಮಾರ್ಕ್‌ಡೌನ್‌ಗೆ ದಕ್ಕುವುದಿಲ್ಲ. ತಲೆಸಾಲು ಬೇಡವೇ ಬೇಡ ಎನ್ನುವ ಅವಕಾಶವೂ ಇಲ್ಲ. ಖಾಲಿ ಬಿಟ್ಟರೆ ಖಾಲಿ `<th>`ಗಳ ಒಂದು ಸಾಲು ಬಂದು ಕೂರುತ್ತದೆ. ಇವುಗಳಲ್ಲಿ ಯಾವುದಾದರೂ ಬೇಕಾದರೆ ಆ ಕೋಷ್ಟಕವನ್ನು ಮೊದಲಿಂದಲೇ ಎಚ್‌ಟಿಎಂಎಲ್‌ನಲ್ಲಿ ಬರೆಯುವುದು ಮೇಲು. ಮಾರ್ಕ್‌ಡೌನ್ ಕಡತದ ನಡುವೆಯೇ ಅದನ್ನು ಇಡಬಹುದು, 2004ರಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಪ್ರಕಟಿಸುವ ಮೊದಲು ಪುಟದ ಮೂಲವನ್ನು ತೆರೆದು `<thead>` ಎಂದು ಹುಡುಕಿ. ಸಿಗದಿದ್ದರೆ ಅಡ್ಡಗೆರೆಯ ಸಾಲನ್ನೂ ಅದರ ಮೇಲಿನ ಸಾಲಿನ ಸೆಲ್‌ಗಳನ್ನೂ ಎಣಿಸಿ ನೋಡಿ. ಸಿಕ್ಕಿದರೆ, ಒಡಲಿನ ಪ್ರತಿ ಸಾಲಿನ ಕೊನೆಯ ಸೆಲ್ ಅನ್ನು ಮೂಲ ಕೋಷ್ಟಕದ ಜೊತೆ ಹೋಲಿಸಿ. ಸದ್ದಿಲ್ಲದೆ ಕಾಣೆಯಾಗುವ ಅಂಕಿ ಹೆಚ್ಚಾಗಿ ಅಲ್ಲಿಯದೇ ಆಗಿರುತ್ತದೆ.